ಇಂಪ್ಲಿಕೇಶನ್ ಟೇಬಲಲ್ಲಿ ನಾನು ಅವಸರಕ್ಕೆ ಹಾಕಿದ್ದ ಎರಡು ಇಂಟು

ಏಳು ಸ್ಟೇಟ್ ಇರೋ ಒಂದು ಮೀಲಿ ಮಷಿನ್ ಮಾಡಿದ್ದೆ, ಅಂದ್ರೆ ಈಗಿನ ಸ್ಟೇಟ್ ಮತ್ತೆ ಇನ್‌ಪುಟ್ ಎರಡನ್ನೂ ನೋಡಿ ಔಟ್‌ಪುಟ್ ಕೊಡೋ ಸರ್ಕ್ಯೂಟ್. ಏಳು ಸ್ಟೇಟಿಗೆ ತಲಾ ಒಂದು ಬಿಟ್ ನೆನಪಿಡೋ ಮೂರು ಫ್ಲಿಪ್-ಫ್ಲಾಪ್ ಬೇಕು, ನನ್ನ ಬೋರ್ಡಲ್ಲಿ ಖಾಲಿ ಇದ್ದಿದ್ದು ಎರಡೇ. ನಾಲ್ಕು ಸ್ಟೇಟಿಗೆ ಇಳಿದ್ರೆ ಮಾತ್ರ ಉಪಯೋಗ, ಐದಕ್ಕೆ ಇಳಿದ್ರೂ ಮೂರೇ ಬೇಕು. ಟೇಬಲ್ ಇದು, C/0 ಅಂದ್ರೆ ಮುಂದಿನ ಸ್ಟೇಟ್ C, ಔಟ್‌ಪುಟ್ 0:

```
     X=0   X=1
A    C/0   E/0
B    D/0   G/0
C    A/0   F/1
D    B/0   F/1
E    F/0   A/0
F    D/0   B/0
G    F/0   A/0
```

ಸಾಲುಗಳನ್ನ ಕಣ್ಣಲ್ಲೇ ಹೋಲಿಸಿ ನೋಡಿದ್ರೆ E ಮತ್ತೆ G ಮಾತ್ರ ಅಚ್ಚುಹೊಡೆದ ಹಾಗೆ ಒಂದೇ ಥರ ಇವೆ. ಅವೆರಡನ್ನ ಸೇರಿಸಿದ್ರೆ ಆರಕ್ಕೆ ಬರುತ್ತೆ, ಅಷ್ಟೇ. ಅದಕ್ಕೇ ಯಾವ ಸ್ಟೇಟ್ ಜೋಡಿಗಳನ್ನ ಒಂದಾಗಿಸಬಹುದು ಅಂತ ಹುಡುಕೋ ಇಂಪ್ಲಿಕೇಶನ್ ಟೇಬಲ್ ಹಾಕೋಕೆ ಕೂತೆ. ಎಡಗಡೆ ಮೇಲಿಂದ ಕೆಳಗೆ B ಇಂದ G ತನಕ, ಕೆಳಗಡೆ A ಇಂದ F ತನಕ, ಮೆಟ್ಟಿಲಿನ ಹಾಗೆ ಒಟ್ಟು 21 ಮನೆ, ಒಂದೊಂದು ಮನೆ ಒಂದೊಂದು ಜೋಡಿಗೆ.

ಮೊದಲು ಔಟ್‌ಪುಟ್ ನೋಡ್ಬೇಕು. C ಮತ್ತೆ D ಮಾತ್ರ X=1 ಬಂದಾಗ 1 ಕೊಡ್ತವೆ, ಉಳಿದ ಐದೂ 0 ಕೊಡ್ತವೆ, ಹಾಗಾಗಿ ಈ ಎರಡಕ್ಕೂ ಆ ಐದಕ್ಕೂ ಆಗೋ 10 ಜೋಡಿಗೆ ಸೀದಾ ಇಂಟು. E-G ಗೆ ಟಿಕ್. ಉಳಿದ ಹತ್ತು ಮನೆಯೊಳಗೆ ‘ಇವೆರಡು ಒಂದೇ ಆಗ್ಬೇಕಾದ್ರೆ ಇನ್ಯಾವ ಜೋಡಿ ಒಂದಾಗ್ಬೇಕು’ ಅಂತ ಬರೀಬೇಕು. A-B ಮನೇಲಿ C-D, E-G ಅಂತ ಬಂತು, C-D ಮನೇಲಿ A-B ಅಂತ ಬಂತು.

ನಾನು ಎಡವಿದ್ದು ಇಲ್ಲೇ. A-B ಒಂದೇ ಅನ್ನೋಕೆ C-D ಒಂದಾಗ್ಬೇಕು, C-D ಒಂದೇ ಅನ್ನೋಕೆ A-B ಒಂದಾಗ್ಬೇಕು, ಯಾವುದೂ ಸಾಬೀತಾಗಿಲ್ವಲ್ಲ ಅಂದ್ಕೊಂಡು ಎರಡಕ್ಕೂ ಇಂಟು ಹಾಕ್ಬಿಟ್ಟೆ, ಆರು ಸ್ಟೇಟಲ್ಲೇ ನಿಂತೆ, ಮೂರನೇ ಫ್ಲಿಪ್-ಫ್ಲಾಪ್ ಎಲ್ಲಿಂದ ತರ್ಲಿ ಅಂತ ಒಂದಿಡೀ ಸಂಜೆ ತಲೆ ಕೆಡಿಸ್ಕೊಂಡೆ. ಆಮೇಲೆ ಹೊಳೀತು, ಈ ಟೇಬಲಲ್ಲಿ ಸಾಬೀತು ಮಾಡ್ಬೇಕಾಗಿರೋದು ಬೇರೆ ಅನ್ನೋದನ್ನ, ಒಂದೇ ಅನ್ನೋದನ್ನಲ್ಲ. ಎರಡು ಸ್ಟೇಟ್ ಬೇರೆ ಅಂದ್ರೆ ಯಾವುದೋ ಒಂದು ಇನ್‌ಪುಟ್ ಸಾಲು ಕೊಟ್ಟಾಗ ಎಲ್ಲೋ ಒಂದು ಕಡೆ ಔಟ್‌ಪುಟ್ ಬೇರೆ ಬರಲೇಬೇಕು. A-B ಇಂದ C-D ಗೆ ಹೋಗಿ ಅಲ್ಲಿಂದ ತಿರುಗಿ A-B ಗೇ ಬರ್ತಾ ಸುತ್ತುತ್ತಾ ಇದ್ರೆ ಔಟ್‌ಪುಟ್ ಯಾವತ್ತೂ ಬೇರೆ ಆಗಲ್ಲ. ಹಾಗಾಗಿ ಆ ಮನೆಗಳಿಗೆ ಇಂಟು ಹಾಕೋಕೆ ಕಾರಣವೇ ಇಲ್ಲ.

ಇಂಟು ಅಳಿಸಿ ಮತ್ತೆ ಶುರು ಮಾಡ್ದೆ. ಮೊದಲ ಸುತ್ತಲ್ಲಿ A-E, A-G, B-E, B-G, E-F, F-G ಆರೂ ಹೋದ್ವು, ಯಾಕಂದ್ರೆ ಎಲ್ಲದರೊಳಗೂ C-F ಅಥವಾ D-F ಇದೆ, ಅವಕ್ಕೆ ಔಟ್‌ಪುಟ್‌ಲ್ಲೇ ಇಂಟು ಬಿದ್ದಿತ್ತು. ಇಲ್ಲಿಗೇ ನಿಲ್ಲಿಸಿದ್ರೆ ಇನ್ನೂ ದೊಡ್ಡ ಅಪಾಯ, ಯಾಕಂದ್ರೆ ಆಗ A-B, A-F, B-F ಮೂರೂ ಉಳಿದಿರ್ತವೆ, ಒಂದಕ್ಕೊಂದು ಸರಿಯಾಗಿ ಹೊಂದ್ಕೊಂಡು ಮೂರೂ ಒಂದೇ ಸ್ಟೇಟ್ ಅನ್ನೋ ಹಾಗೇ ಕಾಣ್ತವೆ. ಎರಡನೇ ಸುತ್ತಲ್ಲಿ A-F ಹೋಗುತ್ತೆ (ಅದರೊಳಗೆ B-E ಇದೆ), B-F ಕೂಡ ಹೋಗುತ್ತೆ (ಒಳಗೆ B-G). ಇದು ನಿಜಾನಾ ಅಂತ ಟೇಬಲ್ ಬಿಟ್ಟು ನೇರವಾಗೇ ನೋಡ್ದೆ: 1, 0, 1 ಕೊಟ್ರೆ A ಇಂದ ಶುರುವಾದಾಗ 0, 0, 0 ಬರುತ್ತೆ, F ಇಂದ ಶುರುವಾದಾಗ 0, 0, 1. ಮೂರನೇ ಬಿಟ್‌ನಲ್ಲಿ ಗುಟ್ಟು ಬಯಲು.

ಮೂರನೇ ಸುತ್ತಲ್ಲಿ ಹೊಸ ಇಂಟು ಒಂದೂ ಬೀಳ್ಲಿಲ್ಲ, ಅಲ್ಲಿಗೆ ಮುಗೀತು. ಉಳಿದಿದ್ದು A-B, C-D, E-G:

```
     X=0   X=1
A    C/0   E/0
C    A/0   F/1
E    F/0   A/0
F    C/0   A/0
```

ನಾಲ್ಕು ಸ್ಟೇಟ್, ಎರಡು ಫ್ಲಿಪ್-ಫ್ಲಾಪ್. ಇನ್ನೊಂದು ಮಾತು, ನನ್ನ ಸ್ಟೇಟ್ ಟೇಬಲಲ್ಲಿ ಡೋಂಟ್ ಕೇರ್, ಅಂದ್ರೆ ಏನು ಬಂದ್ರೂ ನಡೆಯುತ್ತೆ ಅಂತ ಬಿಟ್ಟ ಜಾಗ, ಇರ್ಲಿಲ್ಲ. ಖಾಲಿ ಬಿಟ್ಟ ಮನೆ ಇದ್ರೆ P-Q ಹೊಂದುತ್ತೆ, Q-R ಹೊಂದುತ್ತೆ, ಆದ್ರೆ P-R ಹೊಂದದೇ ಇರಬಹುದು, ಅಲ್ಲಿ ಉಳಿದ ಜೋಡಿಗಳನ್ನ ಹೀಗೆ ಸುಮ್ಮನೆ ಸೇರಿಸೋಕಾಗಲ್ಲ, ಅದಕ್ಕೆ ಬೇರೆ ವಿಧಾನವೇ ಇದೆ.

ಜೋಡಿಸೋ ಮುಂಚೆ ಹಳೇ ಮಷಿನ್ನು ಹೊಸ ಮಷಿನ್ನು ಎರಡಕ್ಕೂ 10 ಬಿಟ್‌ನ 1024 ಸಾಲನ್ನೂ ಸಿಮ್ಯುಲೇಟರಲ್ಲಿ ಕೊಟ್ಟು ನೋಡ್ದೆ. ಹತ್ತೇ ಯಾಕೆ ಅಂದ್ರೆ ಎರಡೂ ಸೇರಿ 11 ಸ್ಟೇಟ್, ವ್ಯತ್ಯಾಸ ಅಂತ ಇದ್ರೆ 10 ಬಿಟ್ ಒಳಗೇ ಕಾಣಿಸ್ಬೇಕು. ಎಲ್ಲಾ ಸಾಲಿಗೂ ಔಟ್‌ಪುಟ್ ಒಂದೇ ಬಂತು. ಹಳೇ ಮಷಿನ್ ರೀಸೆಟ್ ಆದಾಗ B ಇಂದ ಶುರುವಾಗ್ತಿತ್ತು, ಈಗ B ಇಲ್ಲ, ಹಾಗಾಗಿ ರೀಸೆಟ್ ಲೈನನ್ನ A ಗೆ ಕೊಟ್ಟ ಕೋಡಿಗೆ ಬದಲಾಯಿಸಿ ಆಮೇಲೆ ಬೋರ್ಡಿಗೆ ಪವರ್ ಕೊಟ್ಟೆ.