ಹಳೆಯ ಫೋನಿನಲ್ಲಿ ಸಿಕ್ಕಿಬಿದ್ದ ವಾಟ್ಸ್‌ಆ್ಯಪ್ ಸಂದೇಶಗಳನ್ನು ಉಳಿಸುವುದು ಹೇಗೆ?

ಗಲ್ಫಿಗೆ ಹೋದ ಮಗ ಬಿಟ್ಟುಹೋದ ಫೋನನ್ನು ಅಮ್ಮ ವರ್ಷಗಟ್ಟಲೆ ಬಳಸುವುದು ಮಂಜೇಶ್ವರ, ಕುಂಬಳೆ ಕಡೆ ಹೊಸತೇನಲ್ಲ. ಒಂದು ದಿನ ವಾಟ್ಸ್‌ಆ್ಯಪ್ ‘ಅಪ್‌ಡೇಟ್ ಮಾಡಿ’ ಎಂದು ಹಟ ಹಿಡಿಯುತ್ತದೆ. ಪ್ಲೇ ಸ್ಟೋರ್ ‘ಈ ಫೋನಿಗೆ ಹೊಂದುವುದಿಲ್ಲ’ ಎನ್ನುತ್ತದೆ. 2025ರ ಆರಂಭದಲ್ಲಿ ವಾಟ್ಸ್‌ಆ್ಯಪ್‌ಗೆ ಕನಿಷ್ಠ ಆಂಡ್ರಾಯ್ಡ್ 5.0 ಬೇಕೆಂದಾಯಿತು. 4.4ರ ಫೋನುಗಳಿಗೆ ಪ್ರವೇಶವಿಲ್ಲ.

ಮೊದಲು ಫೋನಿನ ದಿನಾಂಕ ನೋಡಿ. ಅದು ತಪ್ಪಿದ್ದರೂ ಆ್ಯಪಿನ ಅವಧಿ ಮುಗಿಯಿತೆಂಬ ಸಂದೇಶ ಬರುತ್ತದೆ. ದಿನಾಂಕ ಸರಿಯಿದ್ದರೆ ಸೆಟ್ಟಿಂಗ್ಸ್‌ನ ‘ಫೋನ್ ಕುರಿತು’ ಭಾಗದಲ್ಲಿ ಆಂಡ್ರಾಯ್ಡ್ ಆವೃತ್ತಿ ಮತ್ತು ಸಿಸ್ಟಂ ಅಪ್‌ಡೇಟ್ ಪರೀಕ್ಷಿಸಿ. ಅಪ್‌ಡೇಟ್ ಇಲ್ಲದಿದ್ದರೆ ಆ ಫೋನಿನಲ್ಲಿ ವಾಟ್ಸ್‌ಆ್ಯಪ್ ಮುಗಿದ ಕತೆ. ಇನ್ನು ಉಳಿಸಬೇಕಾದದ್ದು ಸಂದೇಶಗಳನ್ನು.

ಎಲ್ಲರೂ ಎಡವುವುದು ಇಲ್ಲೇ. ಪಕ್ಕದ ಮನೆಯ ಹುಡುಗ ಬಂದು “ಡಿಲೀಟ್ ಮಾಡಿ ಪುನಃ ಹಾಕಿ ಅಮ್ಮ” ಎನ್ನುತ್ತಾನೆ. ಹಾಗೆ ಮಾಡಬೇಡಿ. ತೆಗೆದರೆ ಮತ್ತೆ ಹಾಕಲು ಬರುವುದಿಲ್ಲ, ಕೊನೆಯ ಬ್ಯಾಕಪ್‌ನ ನಂತರ ಬಂದದ್ದೆಲ್ಲ ಹೋಗುತ್ತದೆ. ಸಿಕ್ಕಸಿಕ್ಕ ಜಾಲತಾಣದಿಂದ ಆ್ಯಪಿನ ಕಡತವಾದ ಎಪಿಕೆ ಇಳಿಸಿದರೂ ಹಳೆಯ ಸಿಸ್ಟಂ ಅದನ್ನು ತೆರೆಯುವುದಿಲ್ಲ. ಕಳ್ಳ ಆ್ಯಪ್ ಬರುವ ಸಾಧ್ಯತೆಯೇ ಹೆಚ್ಚು. ಫೋನ್ ‘ಕ್ಲೀನ್’ ಮಾಡುವ ಆ್ಯಪುಗಳನ್ನಂತೂ ಹತ್ತಿರ ಸೇರಿಸಬೇಡಿ, ನಮಗೆ ಬೇಕಾದ ಫೋಲ್ಡರನ್ನೇ ಅವು ಗುಡಿಸಿಹಾಕಬಹುದು.

ವಾಟ್ಸ್‌ಆ್ಯಪ್ ತಾನಾಗಿಯೇ ದಿನವೂ ನಸುಕಿನ ಎರಡು ಗಂಟೆಗೆ ಫೋನಿನೊಳಗೆ ಬ್ಯಾಕಪ್ ಇಡುತ್ತದೆ. ಫೋನನ್ನು ಕೇಬಲ್ ಮೂಲಕ ಕಂಪ್ಯೂಟರ್‌ಗೆ ಜೋಡಿಸಿ `WhatsApp/Databases` ಫೋಲ್ಡರ್ ತೆರೆಯಿರಿ. `msgstore.db.crypt14` ಎಂಬ ಕಡತ ಕಾಣುತ್ತದೆ. ಕೊನೆಯ ಅಂಕಿ ಬೇರೆ ಇರಬಹುದು. ಅದರ ದಿನಾಂಕ ಆ್ಯಪ್ ಕೆಲಸ ಮಾಡುತ್ತಿದ್ದ ಕೊನೆಯ ದಿನಕ್ಕೆ ಹತ್ತಿರವಿದೆಯೇ ನೋಡಿ. ಬಳಿಕ ಇಡೀ `WhatsApp` ಫೋಲ್ಡರನ್ನು ಕಂಪ್ಯೂಟರ್‌ಗೆ ನಕಲು ಮಾಡಿ. ಚಿತ್ರಗಳೂ ಧ್ವನಿ ಸಂದೇಶಗಳೂ ಅದರ `Media` ಫೋಲ್ಡರಿನಲ್ಲಿರುತ್ತವೆ, ಹಾಗಾಗಿ ಸಮಯ ಹಿಡಿಯುತ್ತದೆ.

ಹೊಸ ಫೋನಿನಲ್ಲಿ ವಾಟ್ಸ್‌ಆ್ಯಪ್ ಹಾಕಿ, ಆದರೆ ತೆರೆಯಬೇಡಿ. ಆಂಡ್ರಾಯ್ಡ್ 11 ಅಥವಾ ನಂತರದ ಫೋನಾದರೆ ನಕಲು ಮಾಡಿದ ಫೋಲ್ಡರ್ `Android/media/com.whatsapp/WhatsApp` ಆಗಿ ಕೂರಬೇಕು. ಆ ಫೋಲ್ಡರುಗಳು ಇಲ್ಲದಿದ್ದರೆ ನೀವೇ ರಚಿಸಿ. ಈಗ ಆ್ಯಪ್ ತೆರೆದು ಅದೇ ಹಳೆಯ ನಂಬರ್ ಕೊಡಿ. ಬೇರೆ ನಂಬರಿನಲ್ಲಿ ಆ ಕಡತ ತೆರೆದುಕೊಳ್ಳುವುದಿಲ್ಲ. ಹಳೆಯ ಸಿಮ್ಮಿನ ಗಾತ್ರ ದೊಡ್ಡದಿದ್ದರೆ ಕತ್ತರಿ ಹಿಡಿಯಬೇಡಿ. ಸಿಮ್ ಹಳೆಯ ಫೋನಿನಲ್ಲೇ ಇರಲಿ, ಅಲ್ಲಿಗೆ ಬರುವ ಒಟಿಪಿಯನ್ನು ಹೊಸದರಲ್ಲಿ ಟೈಪ್ ಮಾಡಿದರಾಯಿತು.

ಕಡತಗಳನ್ನು ನೋಡಲು ಅನುಮತಿ ಕೇಳಿದಾಗ ಒಪ್ಪಿ. ‘ರಿಸ್ಟೋರ್’ ಪುಟ ಬಂದಾಗ ಅವಸರದಲ್ಲಿ ‘ಸ್ಕಿಪ್’ ಒತ್ತಬೇಡಿ. ಒತ್ತಿಬಿಟ್ಟರೆ ಆ್ಯಪ್ ತೆಗೆದು, ಕಂಪ್ಯೂಟರಿನ ನಕಲನ್ನು ಮತ್ತೆ ಅದೇ ಜಾಗಕ್ಕೆ ಹಾಕಿ ಮೊದಲಿನಿಂದ ಶುರುಮಾಡಬೇಕು. ಹಳೆಯ ಮಾತುಕತೆಗಳೆಲ್ಲ ತೆರೆದುಕೊಳ್ಳುವುದನ್ನು ಕಣ್ಣಾರೆ ಕಾಣುವ ತನಕ ಆ ನಕಲನ್ನು ಅಳಿಸಬೇಡಿ.