ಬೇಡ ಎಂದು ಹೇಳಿಯೂ ಪಕ್ಕದಲ್ಲೇ ಕುಳಿತೆ

ಹೆಂಡತಿಯ ಮಾತಿಗೆ ಎದುರಾಡಿದರೆ ಸಂಸಾರ ಒಡೆಯುತ್ತದೆ ಎಂದು ಹೆದರಿಸಿದ್ದ ಗೆಳೆಯರೇ ಈಗ ‘ಬೇಡ ಎಂದೂ ಜೊತೆಯಾಗಿರುವುದನ್ನು ಹೇಗೆ ಮಾಡಿದಿರಿ’ ಎಂದು ಕೇಳುತ್ತಿದ್ದಾರೆ. ಅದಕ್ಕೇ ಈ ಬರಹ. ನಾನು ಕಲಿಯಲು ಹೊರಟದ್ದು ಮನೋವೈದ್ಯ ಮರ್ರೇ ಬೋವೆನ್ ಹೇಳಿದ ಡಿಫರೆನ್ಷಿಯೇಷನ್: ಸಂಗಾತಿಯಿಂದ ದೂರ ಓಡದೆ, ಅವರ ಒತ್ತಡಕ್ಕೆ ಕರಗಿಯೂ ಹೋಗದೆ ನಮ್ಮ ನಿಲುವಿನಲ್ಲಿ ನಿಲ್ಲುವುದು.

ಜಗಳ ದುಡ್ಡಿನದು. ಅವಳು ಕೆಲಸ ಬಿಟ್ಟು, ನಮ್ಮ ಉಳಿತಾಯದ ಮುಕ್ಕಾಲು ಪಾಲನ್ನು ಹೊಲಿಗೆ ಘಟಕಕ್ಕೆ ಹಾಕಬೇಕೆಂದಳು. ನಾನು ರೂಢಿಯಂತೆ ‘ನಿನ್ನಿಷ್ಟ’ ಎಂದು, ಆಮೇಲೆ ಎರಡು ತಿಂಗಳು ಮುಖ ಊದಿಸಿಕೊಂಡು ತಿರುಗಿದೆ.

ಮೊದಲ ಪ್ರಯತ್ನದಲ್ಲಿ ಮೌನವನ್ನೇ ಸಮಚಿತ್ತ ಎಂದುಕೊಂಡೆ. ಹೊರಗೆ ಶಾಂತ, ಒಳಗೆ ದಿನವಿಡೀ ಅವಳೊಂದಿಗೆ ವಾದ. ಅದು ದೂರ ಓಡುವುದಷ್ಟೇ. ಎರಡನೆಯದರಲ್ಲಿ ಗೋಡೆಯ ಬಣ್ಣಕ್ಕೂ ಬೇಡ ಎಂದೆ. ಅವಳು ಹೌದು ಎಂದ ಮೇಲಷ್ಟೇ ನನ್ನ ಇಲ್ಲ ಹುಟ್ಟುತ್ತಿತ್ತು. ಅದನ್ನು ಸ್ವಂತ ನಿಲುವು ಎನ್ನುವುದು ಹೇಗೆ? ಆಪ್ತಸಮಾಲೋಚನೆಗೆ ಐದು ಬಾರಿ ಹೋಗಿ ಸುಮಾರು ಅರ್ಧ ತಿಂಗಳ ಸಂಬಳ ಕಳೆದೆ. ದಕ್ಕಿದ್ದು ಒಂದೇ ಪಾಠ: ನಾಡಿ ನಿಮಿಷಕ್ಕೆ 100 ದಾಟಿದರೆ ಮಾತು ನಿಲ್ಲಿಸಿ, ಯಾವಾಗ ಮರಳುತ್ತೇನೆಂದು ಹೇಳಿ, ಕನಿಷ್ಠ 20 ನಿಮಿಷ ಎದ್ದು ಹೋಗಬೇಕು. ಆ ಹೊತ್ತಿನಲ್ಲಿ ಎದುರುತ್ತರ ಹೊಸೆಯುತ್ತ ಕುಳಿತರೆ ಎದ್ದು ಹೋಗಿದ್ದೇ ದಂಡ.

ಕೊನೆಗೆ ಫಲಿಸಿದ್ದು ದಾಂಪತ್ಯ ಚಿಕಿತ್ಸಕರಾದ ಎಲಿನ್ ಬೇಡರ್ ಮತ್ತು ಪೀಟರ್ ಪಿಯರ್ಸನ್ ದಂಪತಿ ಕಲಿಸುವ ಕ್ರಮ. ಒಬ್ಬರು ಒಂದೇ ವಿಷಯವನ್ನು, ತಮ್ಮ ಬಗ್ಗೆ ಮಾತ್ರ ಹೇಳಬೇಕು. ಇನ್ನೊಬ್ಬರು ಪ್ರಶ್ನೆಗಳನ್ನಷ್ಟೇ ಕೇಳಬೇಕು. ನಾನು ಹೇಳಿದೆ: ‘ಅಪ್ಪನ ಸಾಲ ನೋಡಿ ಬೆಳೆದವನು ನಾನು, ನನಗೆ ಭಯ. ನನ್ನ ಪಾಲಿನ ಅರ್ಧವನ್ನು ಹಾಕುವುದಿಲ್ಲ. ನಿನ್ನ ಅರ್ಧ ನಿನ್ನ ತೀರ್ಮಾನ.’

ಅವಳು ಪ್ರಶ್ನೆ ಕೇಳಲಿಲ್ಲ, ಅತ್ತಳು. ‘ನೀವು ಮೊದಲಿನಂತಿಲ್ಲ’ ಎಂದಳು. ಮೂರು ವಾರ ಇದೇ ನಡೆಯಿತು. ಒಬ್ಬರು ಕದಲಿದಾಗ ಇನ್ನೊಬ್ಬರು ಹಳೆಯ ಜಾಗಕ್ಕೆ ಎಳೆಯುತ್ತಾರೆಂದು ಬೋವೆನ್ ಎಚ್ಚರಿಸಿದ್ದು ಇದನ್ನೇ. ಹಲವರು ಸೋಲುವುದು ಇಲ್ಲಿಯೇ. ನಾನು ಮಾತು ಬದಲಿಸಲಿಲ್ಲ, ಮತ್ತೆ ಸಮರ್ಥಿಸಲೂ ಹೋಗಲಿಲ್ಲ, ಸಂಜೆಯ ನಡಿಗೆಗೆ ಅವಳನ್ನು ಕರೆಯುವುದನ್ನೂ ಬಿಡಲಿಲ್ಲ. ಮೂರನೆಯ ವಾರ ನಡಿಗೆಯ ನಡುವೆ ‘ಅಪ್ಪನ ಸಾಲ ಎಷ್ಟಿತ್ತು?’ ಎಂದು ಕೇಳಿದಳು. ಅದೇ ಮೊದಲ ಪ್ರಶ್ನೆ.

ನಡುವೆ ದಾಂಪತ್ಯ ಚಿಕಿತ್ಸಕ ಡೇವಿಡ್ ಶ್ನಾರ್ಕ್ ಹೇಳಿದ ಅಪ್ಪುಗೆಯನ್ನೂ ಪ್ರಯತ್ನಿಸಿದೆವು. ಇಬ್ಬರೂ ತಮ್ಮ ತಮ್ಮ ಕಾಲಿನ ಮೇಲೆ ನಿಂತು, ಮೈ ತಾನಾಗಿ ಸಡಿಲವಾಗುವವರೆಗೆ ಅಪ್ಪಿಕೊಳ್ಳುವುದು. ಮೊದಲೆರಡು ಸಲ ನಗು ಬಂದು ಕೆಟ್ಟಿತು. ಮೂರನೆಯ ಸಲ ನಾನು ಅವಳ ಮೇಲೆ ಎಷ್ಟು ಭಾರ ಹಾಕುತ್ತೇನೆಂದು ತಿಳಿದು ನಾಚಿಕೆಯಾಯಿತು.

ಕೈಯೆತ್ತುವ, ಬೆದರಿಸುವ ಸಂಗಾತಿ ಇರುವಲ್ಲಿ ಇದನ್ನು ಮಾಡಲೇಬೇಡಿ. ಅಲ್ಲಿ ಮೊದಲು ಬೇಕಾದದ್ದು ಸುರಕ್ಷತೆ.

ಅವಳು ತನ್ನ ಪಾಲಿನಲ್ಲೇ ಎರಡು ಯಂತ್ರಗಳಿಂದ ಆರಂಭಿಸಿದಳು. ಮೊನ್ನೆ ಮೂರನೆಯದಕ್ಕೆ ನನ್ನ ದುಡ್ಡು ಕೇಳಿದಳು. ಬೇಡ ಎಂದೆ. ‘ಪುಕ್ಕಲು’ ಎಂದು ನಕ್ಕು, ಚಪ್ಪಲಿ ಮೆಟ್ಟಿ ನಡಿಗೆಗೆ ಹೊರಟು ಬಾಗಿಲಲ್ಲಿ ನಿಂತಳು.