ಗಡಿಗೆ ಒಂದೇ ಇರಲಿ, ಲೋಟ ಬೇರೆ ಇರಲಿ: ಮಗುವಿನ ಗಂಟಲು ಸೋಂಕು ಮನೆಯಲ್ಲಿ ಹರಡದಂತೆ ನಾನು ಮಾಡುವುದು

ಬಳ್ಳಾರಿ ಕಡೆ ಎಷ್ಟೋ ಮನೆಗಳಲ್ಲಿ ನೀರಿನ ಗಡಿಗೆಯ ಮುಚ್ಚಳದ ಮೇಲೆ ಒಂದೇ ಲೋಟ ಬೋರಲಾಗಿರುತ್ತದೆ. ಎಲ್ಲರೂ ಅದರಲ್ಲೇ ಮೊಗೆದು ಕುಡಿದು ಮತ್ತೆ ಅಲ್ಲೇ ಇಡುತ್ತಾರೆ. ಮಗುವಿಗೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಗಂಟಲು ಸೋಂಕು ಎಂದು ಡಾಕ್ಟರು ಹೇಳಿದ ದಿನ ನಾನು ಮೊದಲು ಎತ್ತಿಡುವುದು ಆ ಲೋಟವನ್ನೇ. ನೀರು ಎತ್ತಲು ಉದ್ದ ಹಿಡಿಯ ಸೌಟು ಇಡುತ್ತೇನೆ, ಅದಕ್ಕೆ ಯಾರೂ ಬಾಯಿ ಹಚ್ಚುವಂತಿಲ್ಲ.

ಮಗುವಿಗೆ ಬೇರೆ ಲೋಟ ಅಂದರೆ ಇನ್ನೊಂದು ಸ್ಟೀಲ್ ಲೋಟ ಕೊಟ್ಟರೆ ಸಾಲದು. ನೋಡಲು ಎಲ್ಲ ಒಂದೇ ಥರ, ಎರಡನೇ ದಿನಕ್ಕೆ ಅದಲುಬದಲಾಗುತ್ತವೆ. ಹಿಡಿಕೆ ಇರುವ, ಬಣ್ಣದ ಕಪ್ ಕೊಡಿ. ಅದನ್ನು ಪಾತ್ರೆ ಸೋಪಿನಿಂದ ತಿಕ್ಕಿ, ತೊಳೆದು, ಒಣಗಿಸಿದರೆ ಸಾಕು, ಕುದಿಸಬೇಕಿಲ್ಲ. ಸಂಜೆ ಮಕ್ಕಳೆಲ್ಲ ಒಂದೇ ತಟ್ಟೆಗೆ ಕೈ ಹಾಕಿ ಒಗ್ಗರಣೆ ಮಂಡಕ್ಕಿ ತಿನ್ನುವುದನ್ನೂ ಆ ವಾರ ನಿಲ್ಲಿಸಬೇಕು.

ಕೈ ತೊಳೆಯುವಾಗ ಆಗುವ ತಪ್ಪು ಚೊಂಬಿನದು. ಕೆಮ್ಮಿದ ಕೈಯಲ್ಲೇ ಮಗು ಚೊಂಬು ಹಿಡಿಯುತ್ತದೆ, ಸೋಪು ಹಚ್ಚಿ ತೊಳೆದು ಮತ್ತೆ ಅದೇ ಚೊಂಬು ಮುಟ್ಟುತ್ತದೆ. ಹಾಗಾಗಿ ನೀರು ಇನ್ನೊಬ್ಬರು ಹಾಕಬೇಕು, ಇಲ್ಲವೇ ನಲ್ಲಿ ಇರುವ ಡ್ರಮ್ಮು ಇಡಬೇಕು. ಬೆರಳ ಸಂದಿ ಸೇರಿಸಿ 20 ಸೆಕೆಂಡು ತಿಕ್ಕಲಿ. ಆಮೇಲೆ ಮನೆಮಂದಿಯ ಟವೆಲ್ಲಿಗೆ ಒರೆಸದೆ ತನಗೆಂದೇ ಇಟ್ಟ ಬೇರೆ ಟವೆಲ್ಲಿಗೆ ಒರೆಸಲಿ. ಮಗುವನ್ನು ನೋಡಿಕೊಳ್ಳುವವರು ಅಡುಗೆಗೆ, ಬಡಿಸಲಿಕ್ಕೆ ಹೋಗುವ ಮುಂಚೆ ಹೀಗೇ ತೊಳೆಯಬೇಕು.

ಇಷ್ಟೆಲ್ಲ ಮಾಡಿದರೂ ಕೆಮ್ಮಿದಾಗ ಹಾರುವ ಹನಿಯನ್ನು ಲೋಟ ತಡೆಯುವುದಿಲ್ಲ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಸಾಲಾಗಿ ಮಲಗುವ ಮನೆಗಳಲ್ಲಿ ಈ ಮಗುವಿನ ಚಾಪೆಯನ್ನು ತುದಿಗೆ, ಉಳಿದವರಿಂದ ದೂರ ಹಾಕಿ.

ಶಾಲೆಗೆ ಯಾವಾಗ? ಆಂಟಿಬಯೋಟಿಕ್ ಶುರುವಾಗಿ 24 ಗಂಟೆ ತುಂಬಿ, ಜ್ವರವೂ ಇಲ್ಲದಿದ್ದಾಗ. ಸೋಮವಾರ ಸಂಜೆ 7ಕ್ಕೆ ಆಂಟಿಬಯೋಟಿಕ್‌ನ ಮೊದಲ ಡೋಸು ಬಿತ್ತು ಅನ್ನಿ. ಮಂಗಳವಾರ ಶಾಲೆ ಬೇಡ. ಆ ಸಂಜೆ 7ಕ್ಕೆ 24 ಗಂಟೆ ತುಂಬುತ್ತದೆ. ಆದರೆ ರಾತ್ರಿ 9ಕ್ಕೆ ಜ್ವರಕ್ಕೆಂದು ಪ್ಯಾರಸಿಟಮಾಲ್ ಕೊಟ್ಟಿದ್ದರೆ, ಮಲಗುವಾಗ ಮೈ ತಣ್ಣಗಿದ್ದದ್ದನ್ನು ನಂಬಬೇಡಿ. ಅದು 4ರಿಂದ 6 ಗಂಟೆ ಜ್ವರ ಮುಚ್ಚಿಡುತ್ತದೆ. ಬುಧವಾರ ಬೆಳಿಗ್ಗೆ ಪ್ಯಾರಸಿಟಮಾಲ್ ಕೊಡದೆ ಥರ್ಮಾಮೀಟರ್ ಇಟ್ಟು ನೋಡಿ. ಜ್ವರವಿಲ್ಲ, ಮಗು ಉಂಡು ಚುರುಕಾಗಿದೆ ಎಂದರೆ ಕಳಿಸಿ, ತನ್ನದೇ ನೀರಿನ ಬಾಟಲಿಯೊಂದಿಗೆ. ಜ್ವರ ಬಂದರೆ ಅಂದೂ ಮನೆಯಲ್ಲೇ ಇರಲಿ.

ಶಾಲೆಗೆ ಹೋದ ಮೇಲೆ ಔಷಧಿ ಬಿಡುವವರಿದ್ದಾರೆ. ಸಾಮಾನ್ಯವಾಗಿ ಬರೆಯುವ 10 ದಿನದ ಕೋರ್ಸನ್ನು ಮುಗಿಸಲೇಬೇಕು, ಇಲ್ಲದಿದ್ದರೆ ಈ ಸೋಂಕಿನ ಬೆನ್ನಿಗೆ ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಜ್ವರ ಬರಬಹುದು. ಉಳಿದ ಔಷಧಿಯನ್ನು ತಮ್ಮ ತಂಗಿಯರಿಗೆ ಹಂಚಬೇಡಿ. ಸೋಂಕು ತಗುಲಿದರೆ ಸಾಮಾನ್ಯವಾಗಿ 2ರಿಂದ 5 ದಿನದಲ್ಲಿ ತೋರುತ್ತದೆ. ಅಷ್ಟರಲ್ಲಿ ಅವರಿಗೂ ಜ್ವರ, ನುಂಗುವಾಗ ನೋವು ಬಂದರೆ ಡಾಕ್ಟರಿಗೆ ತೋರಿಸಿ. ಯಾವ ಮಗುವಾದರೂ ಜೊಲ್ಲು ನುಂಗಲಾಗದೆ ಸುರಿಸುತ್ತಿದ್ದರೆ, ಉಸಿರಿಗೆ ಕಷ್ಟಪಡುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ.